ಕುಕ್ಕರಿಸಿದ್ದಕ್ಕೆ ಜಾಸ್ತಿ, ನಿಂತದ್ದಕ್ಕೆ ಕಡಿಮೆ: ದೀಪಾ ಕರ್ಮಾಕರ್ ಅವರ 15.066ರ ಲೆಕ್ಕ

2016ರ ಆಗಸ್ಟ್ 14, ಭಾನುವಾರ. ರಾತ್ರಿ ಹನ್ನೊಂದು ಕಳೆದಿತ್ತು. ಕಾಸರಗೋಡಿನ ಪೆರ್ಲದ ಹತ್ತಿರ ಅಕ್ಕನ ಮನೆಯಲ್ಲಿ ನಾವು ನಾಲ್ಕು ಜನ ಟಿವಿ ಮುಂದೆ ಕೂತಿದ್ದೆವು. ಹೊರಗೆ ಜಡಿಮಳೆ. ಕರೆಂಟು ಹೋದರೆ ಕಥೆ ಮುಗಿಯಿತು ಅನ್ನುವ ಹೆದರಿಕೆ ಬೇರೆ. ನಾನು ಹೈಸ್ಕೂಲಿನ ಪಿ.ಟಿ. ಮಾಷ್, ಮರುದಿನ ಬೆಳಿಗ್ಗೆ ಬೇಗ ಧ್ವಜ ಹಾರಿಸಲು ಶಾಲೆಗೆ ಹೋಗಬೇಕು. ಭಾವನಿಗೆ ಅಡಿಕೆ ತೋಟಕ್ಕೆ ಮದ್ದು ಬಿಡುವ ತಲೆಬಿಸಿ, ಮಳೆ ಹೊಳವಾಗುವುದನ್ನೇ ಕಾಯುತ್ತಿದ್ದರು. ಆದರೂ ಯಾರೂ ಮಲಗಲಿಲ್ಲ. ರಿಯೋ ಒಲಿಂಪಿಕ್ಸಿನಲ್ಲಿ ಹೆಂಗಸರ ವಾಲ್ಟ್ ಫೈನಲ್, ಅಂದರೆ ಓಡಿ ಬಂದು ಮೇಜಿಗೆ ಕೈ ಊರಿ ಹಾರುವ ಜಿಮ್ನಾಸ್ಟಿಕ್ಸ್, ಅದರಲ್ಲಿ ತ್ರಿಪುರಾದ ದೀಪಾ ಕರ್ಮಾಕರ್. ಒಲಿಂಪಿಕ್ಸಿಗೆ ಹೋದ ನಮ್ಮ ದೇಶದ ಮೊದಲ ಮಹಿಳಾ ಜಿಮ್ನಾಸ್ಟ್ ಅವರು. ಅರ್ಹತಾ ಸುತ್ತಿನಲ್ಲಿ 14.850 ತೆಗೆದು ಎಂಟನೆಯವರಾಗಿ, ಅಂದರೆ ಕೊನೆಯ ಸೀಟಿನಲ್ಲಿ, ಫೈನಲಿಗೆ ಬಂದಿದ್ದರು.

ಆ ರಾತ್ರಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ನಾಲ್ಕನೇ ಸ್ಥಾನ, ಕಂಚಿಗೆ ಬರೀ 0.150 ಕಡಿಮೆ. ನಾನು ಹೇಳಹೊರಟದ್ದು ಆ ಬೇಜಾರಿನ ಕಥೆ ಅಲ್ಲ. ಅಂಕ ಬಂದ ಮೇಲೆ ನಮ್ಮ ಜಗಲಿಯಲ್ಲಿ ಶುರುವಾದ ಜಗಳ, ಮತ್ತೆ ಆ ಜಗಳ ಬಗೆಹರಿಸಲು ಹೋಗಿ ನಾನೇ ಕಲಿತ ಲೆಕ್ಕ. ಆ ಲೆಕ್ಕ ಒಮ್ಮೆ ಕೂತು ಬಿಡಿಸಿದರೆ ಜಿಮ್ನಾಸ್ಟಿಕ್ಸಿನ ಅಂಕಗಳು ಯಾಕೆ ನಮ್ಮ ಕಣ್ಣಿಗೆ ತಲೆಕೆಳಗಾಗಿ ಕಾಣುತ್ತವೆ ಅನ್ನುವುದು ಬಹುಪಾಲು ಗೊತ್ತಾಗಿಬಿಡುತ್ತದೆ.

ಭಾವನ ಪ್ರಶ್ನೆ ಮೂರು ಇದ್ದವು, ಮೂರೂ ಸರಿಯಾದ ಪ್ರಶ್ನೆಗಳೇ.

ದೀಪಾ ಎರಡು ಸಲ ಹಾರಿದರು. ಮೊದಲನೆಯದು ಸುಕಹಾರ ಅನ್ನುವ ಜಾತಿಯದ್ದು, ಗಾಳಿಯಲ್ಲಿ ಎರಡು ಪೂರ್ತಿ ಸುತ್ತು. ಅದನ್ನು ಅವರು ಚೆನ್ನಾಗಿಯೇ ಹಾರಿ ಕಾಲ ಮೇಲೆ ನಿಂತರು, ಅಂಕ 14.866. ಎರಡನೆಯದು ಪ್ರೊಡುನೋವಾ. ಓಡಿ ಬಂದು ಮೇಜಿನ ಮೇಲೆ ಕೈ ಊರಿ, ಅಲ್ಲಿಂದ ಮೇಲೆದ್ದು, ಮುಂದಕ್ಕೆ ಎರಡು ಲಾಗ ಹಾಕಿ ಇಳಿಯುವುದು. ಇಳಿಯುವಾಗ ಅವರು ಪೂರ್ತಿ ಕುಕ್ಕರಿಸಿಬಿಟ್ಟರು. ಹಿಂಬದಿ ಇನ್ನೇನು ಮ್ಯಾಟಿಗೆ ಕೂತೇಬಿಟ್ಟಿತು ಅನ್ನುವಷ್ಟು ಕೆಳಗೆ ಹೋಗಿ ಎದ್ದು ನಿಂತರು. ಅಕ್ಕ "ಅಯ್ಯೋ" ಅಂದಳು. ಅಂಕ ಬಂತು: 15.266.

ಭಾವ ನನ್ನ ಮುಖ ನೋಡಿದರು. "ಎಂತ ಮಾರಾಯ, ನಿಂತದ್ದಕ್ಕೆ ಹದಿನಾಲ್ಕು ಚಿಲ್ಲರೆ, ಕೂತದ್ದಕ್ಕೆ ಹದಿನೈದು ಚಿಲ್ಲರೆಯಾ?"

ಅಷ್ಟರಲ್ಲಿ ಪರದೆಯ ಮೇಲೆ 15.066 ಅಂತ ಬಂತು. "ಈಗ 15.266 ಇತ್ತಲ್ಲ, ಕಡಿಮೆ ಮಾಡಿದ್ದು ಯಾಕೆ?" ಅದು ಎರಡನೇ ಪ್ರಶ್ನೆ.

ಎಲ್ಲ ಮುಗಿದ ಮೇಲೆ ಮೂರನೆಯದು ಬಂತು, ಅದು ಪ್ರಶ್ನೆ ಅನ್ನುವುದಕ್ಕಿಂತ ದೂರು. "ಅಷ್ಟು ಕಷ್ಟದ್ದು ಹಾರಿದ್ದು ಈ ಹುಡುಗಿ. ಟಿವಿಯವನೇ ಹೇಳಿದ, ಎಲ್ಲದಕ್ಕಿಂತ ಜಾಸ್ತಿ ಬೆಲೆಯದ್ದು ಅಂತ. ಮತ್ತೆ ನಾಲ್ಕನೆಯದು ಹೇಗೆ? ಇದು ಮೋಸ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾಷ್ ಆಗಿದ್ದುಕೊಂಡು ಗೊತ್ತಿಲ್ಲ ಅನ್ನಲಿಕ್ಕೆ ಮನಸ್ಸೂ ಬರಲಿಲ್ಲ. "ಅದಕ್ಕೊಂದು ಲೆಕ್ಕ ಉಂಟು ಭಾವ" ಅಂದು ಸುಮ್ನೆ ಮಲಗಿದೆ. ಪುಣ್ಯಕ್ಕೆ ಅಕ್ಕನ ಮಗಳು, ಆಗ ಏಳನೇ ಕ್ಲಾಸು, ಪರದೆಯಲ್ಲಿ ಬಂದ ಅಂಕಗಳನ್ನೆಲ್ಲ ರಫ್ ಪುಸ್ತಕದ ಹಿಂದಿನ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಳು. ಆ ಪುಟ ಇಟ್ಟುಕೊಂಡೇ ಮುಂದಿನ ವಾರ ನಾನು ಲೆಕ್ಕಕ್ಕೆ ಕೂತದ್ದು.

ಮೊದಲು ಅಂಕ ಹೇಗೆ ಹುಟ್ಟುತ್ತದೆ ಅಂತ ನೋಡೋಣ. ಜಿಮ್ನಾಸ್ಟಿಕ್ಸಿನಲ್ಲಿ ಅಂಕ ಅಂದರೆ ಎರಡು ಬೇರೆ ಬೇರೆ ಚೀಟಿಗಳ ಮೊತ್ತ. ಒಂದು ಡಿ, ಕಷ್ಟದ ಅಂಕ. ಇನ್ನೊಂದು ಇ, ಮಾಡಿದ ಚಂದದ ಅಂಕ. ಎರಡನ್ನೂ ಬೇರೆ ಬೇರೆ ಜನ ಕೊಡುತ್ತಾರೆ. ಮುಂಚೆ ಎಲ್ಲ ಸೇರಿ ಹತ್ತಕ್ಕೆ ಹತ್ತು ಅಂತ ಇತ್ತಲ್ಲ, ಅದನ್ನು ಬಿಟ್ಟು 2006ರಿಂದ ಈ ರೀತಿ ಮಾಡಿದರು.

ವಾಲ್ಟಿನಲ್ಲಿ ಡಿ ಬಹಳ ಸುಲಭ. ಬೀಮ್, ಫ್ಲೋರ್ ಅಂತ ಬೇರೆ ವಿಭಾಗಗಳಾದರೆ ಒಂದೊಂದು ಕಸರತ್ತಿನ ಬೆಲೆ ಹಿಡಿದು, ಒಂದಕ್ಕೊಂದು ಜೋಡಿಸಿದ್ದಕ್ಕೆ ಬೋನಸ್ ಸೇರಿಸಿ, ಕೂಡಿಸಿ ಕೂಡಿಸಿ ಡಿ ಕಟ್ಟಬೇಕು. ವಾಲ್ಟ್ ಮಾತ್ರ ಒಂದೇ ಹಾರಾಟ. ಪ್ರತಿಯೊಂದು ಬಗೆಯ ಹಾರಾಟಕ್ಕೂ ನಿಯಮದ ಪುಸ್ತಕದಲ್ಲಿ ಒಂದು ನಂಬರ್, ಒಂದು ಬೆಲೆ. ಆಟಗಾರ್ತಿ ಓಡುವ ಮೊದಲು ಆ ನಂಬರ್ ತೋರಿಸಲಾಗುತ್ತದೆ. ಡಿ ಕೊಡುವ ಇಬ್ಬರು ತೀರ್ಪುಗಾರರ ಕೆಲಸ, ಆಕೆ ನಿಜವಾಗಿ ಹಾರಿದ್ದು ಯಾವುದು ಅಂತ ಗುರುತಿಸುವುದು. ಹೇಳಿದ್ದು ಒಂದು, ಹಾರಿದ್ದು ಇನ್ನೊಂದು ಆದರೆ ಹಾರಿದ್ದಕ್ಕೇ ಬೆಲೆ. ರಿಯೋದಲ್ಲಿ ಪ್ರೊಡುನೋವಾದ ಬೆಲೆ 7.0. ದೀಪಾ ಅವರ ಸುಕಹಾರದ ಬೆಲೆ 6.0.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕಾಲು ಮೊದಲು ಮ್ಯಾಟಿಗೆ ತಾಗಿದರೆ ಆಯಿತು, ಡಿ ಪೂರ್ತಿ ಸಿಗುತ್ತದೆ. ಆಮೇಲೆ ಕುಕ್ಕರಿಸಿದರೂ, ಉರುಳಿದರೂ ಡಿಯಿಂದ ಒಂದು ಪೈಸೆ ಹೋಗುವುದಿಲ್ಲ. ಕಾಲು ಮೊದಲು ತಾಗಲೇ ಇಲ್ಲ ಅಂದರೆ ಆ ಹಾರಾಟಕ್ಕೆ ಸೊನ್ನೆ. ಅಂದರೆ ಆ ರಾತ್ರಿ ದೀಪಾ ಅವರ ಪಾದ ಮ್ಯಾಟ್ ಮುಟ್ಟಿದ ಕ್ಷಣವೇ 7.0 ಅವರ ಹೆಸರಿಗೆ ಬಂದಾಗಿತ್ತು. ಅಕ್ಕ "ಅಯ್ಯೋ" ಅಂದದ್ದು ಅದಾದ ಮೇಲೆ.

ಇನ್ನು ಇ. ಇದು ಎಲ್ಲರಿಗೂ 10ರಿಂದ ಶುರು, ಆಮೇಲೆ ಬರೀ ಕಳೆಯುವುದು. ಸಣ್ಣ ತಪ್ಪಿಗೆ 0.1, ಮಧ್ಯಮಕ್ಕೆ 0.3, ದೊಡ್ಡದಕ್ಕೆ 0.5, ಬಿದ್ದರೆ 1.0. ಮೊಣಕಾಲು ಬಾಗಿತು, ಕಾಲು ಅಗಲವಾಯಿತು, ಮೇಜಿನಿಂದ ಸಾಕಷ್ಟು ಮೇಲೆ ಏಳಲಿಲ್ಲ, ದೂರ ಹೋಗಲಿಲ್ಲ, ಇಳಿದ ಮೇಲೆ ಒಂದು ಹೆಜ್ಜೆ ಇಟ್ಟರು, ಹೀಗೆ. ಓಡಿ ಬಂದು ಮೇಜಿಗೆ ಕೈ ಊರುವವರೆಗಿನ ಹಾರಾಟ, ಕೈಯಿಂದ ತಳ್ಳುವುದು, ಆಮೇಲಿನ ಹಾರಾಟ, ಇಳಿಯುವುದು, ಎಲ್ಲ ಕಡೆಯೂ ಕಳೆಯಲಿಕ್ಕೆ ಜಾಗ ಉಂಟು.

ಟಿವಿ ನೋಡುವ ನಮಗೆ ಇವುಗಳಲ್ಲಿ ಕಾಣುವುದು ಕೊನೆಯದು ಮಾತ್ರ. ಇಳಿದು ಅಲ್ಲಾಡದೆ ನಿಂತರೆ "ಆಹಾ" ಅನ್ನುತ್ತೇವೆ. ಆದರೆ ಗಾಳಿಯಲ್ಲಿ ಒಂದು ಕ್ಷಣ ಕಾಲು ಬೇರೆಯಾದದ್ದು, ನೆಟ್ಟಗಿರಬೇಕಾದ ಮೈ ಸೊಂಟದಲ್ಲಿ ಚೂರು ಮಡಚಿದ್ದು ನಮಗೆ ಗೊತ್ತೇ ಆಗುವುದಿಲ್ಲ. ದೀಪಾ ಅವರ ಮೊದಲ ಹಾರಾಟದಲ್ಲಿ ಇ ಬಂದದ್ದು 8.866. ನಮಗೆ "ಚೆನ್ನಾಗಿ ನಿಂತರು" ಅನ್ನಿಸಿದ ಹಾರಾಟದಿಂದಲೂ 1.134 ಹೋಗಿದೆ! ಇಳಿದಾಗ ಅಷ್ಟು ದೊಡ್ಡ ತಪ್ಪು ಏನೂ ಆಗಿರಲಿಲ್ಲ. ಸಣ್ಣ ಸಣ್ಣದು ಸೇರಿ ಸೇರಿ ಅಷ್ಟಾಗುತ್ತದೆ.

ಎರಡನೇ ಹಾರಾಟದ ಇ 8.266. ಅಲ್ಲಿಂದ ಹೋದದ್ದು 1.734. ಎರಡರ ನಡುವೆ ವ್ಯತ್ಯಾಸ 0.6.

ಈಗ ಭಾವನ ಮೊದಲನೇ ಪ್ರಶ್ನೆಗೆ ಉತ್ತರ ತಾನಾಗಿಯೇ ಬಂತು. ಕುಕ್ಕರಿಸಿದ್ದರಿಂದ, ಮತ್ತೆ ಉಳಿದ ತಪ್ಪುಗಳಿಂದ ಪ್ರೊಡುನೋವಾ ಕಳೆದುಕೊಂಡದ್ದು ಸುಕಹಾರಕ್ಕಿಂತ 0.6 ಜಾಸ್ತಿ. ಆದರೆ ಅದರ ಬೆಲೆಯೇ 1.0 ಜಾಸ್ತಿ. ಹತ್ತು ಕೊಟ್ಟು ಆರು ಹಿಂದೆ ತೆಗೆದುಕೊಂಡರೆ ನಾಲ್ಕು ಉಳಿಯುತ್ತದಲ್ಲ, ಅದೇ 14.866 ಮತ್ತು 15.266ರ ನಡುವಿನ 0.4.

ಇದನ್ನು ಭಾವನಿಗೆ ನಾನು ಹೇಳಿದ್ದು ಅಡಿಕೆಯ ಭಾಷೆಯಲ್ಲಿ. ಮಂಡಿಗೆ ಚಾಲಿ ಅಡಿಕೆ ತೆಗೆದುಕೊಂಡು ಹೋದರೆ ಹಳತಕ್ಕೆ ಇಷ್ಟು, ಹೊಸತಕ್ಕೆ ಇಷ್ಟು ಅಂತ ದರ ಬೆಳಿಗ್ಗೆಯೇ ನಿಗದಿ. ಅದು ಡಿ. ಆಮೇಲೆ ಅವನು ಚೀಲ ಬಿಚ್ಚಿ, ಕೈ ಹಾಕಿ, ಪಟೋರ, ಕರಿಗೋಟು ಅಂತ ಕಳಪೆಯದ್ದು ಎಷ್ಟು ಅಂತ ನೋಡಿ ಕಳೆಯುತ್ತಾನೆ. ಅದು ಇ. ಹಳೆ ಅಡಿಕೆಯ ಚೀಲದಲ್ಲಿ ನಾಲ್ಕು ಪಟೋರ ಸಿಕ್ಕಿದರೂ ಕೆಲವು ಸಲ ಒಳ್ಳೆ ಹೊಸ ಅಡಿಕೆಗಿಂತ ಜಾಸ್ತಿಯೇ ಸಿಗುತ್ತದೆ. ಭಾವ ತಲೆ ಆಡಿಸಿದರು. "ಅದು ಸರಿ. ಆದರೆ ಮಂಡಿಯಲ್ಲಿ ಕಳೆಯುವವನು ಒಬ್ಬ, ಇಲ್ಲಿ ಕಳೆಯುವುದು ಯಾರು?"

ಅದೊಂದು ಒಳ್ಳೆ ಪ್ರಶ್ನೆ, ನನಗೆ ತುಂಬ ಖುಷಿ ಕೊಟ್ಟ ಭಾಗವೂ ಅದೇ. ರಿಯೋದಲ್ಲಿ ಇ ಕೊಡಲು ಐದು ಜನ ತೀರ್ಪುಗಾರರು. ಒಬ್ಬರ ಅಂಕ ಇನ್ನೊಬ್ಬರು ನೋಡುವಂತಿಲ್ಲ. ಐದರಲ್ಲಿ ಎಲ್ಲಕ್ಕಿಂತ ಜಾಸ್ತಿಯದ್ದನ್ನೂ ಎಲ್ಲಕ್ಕಿಂತ ಕಡಿಮೆಯದ್ದನ್ನೂ ಬಿಟ್ಟು, ನಡುವಿನ ಮೂರರ ಸರಾಸರಿ ತೆಗೆಯುತ್ತಾರೆ. ಹಾಗಾಗಿಯೇ ಒಂದೊಂದು ಹಾರಾಟದ ಅಂಕದ ಕೊನೆಯ ಅಂಕಿ ಹೆಚ್ಚಾಗಿ 0, 3 ಅಥವಾ 6. ಮೂರರಿಂದ ಭಾಗಿಸಿದ ಗುರುತು ಅದು. ಅಕ್ಕನ ಮಗಳ ಪುಟ ನೋಡಿ: 14.866, 15.266. ಇದನ್ನು ತೋರಿಸಿದಾಗ ಅವಳು ಪುಟ ಪೂರ್ತಿ ಹುಡುಕಿ, "ಹೌದು ಮಾವ, ಹೆಚ್ಚಿನವು ಹಾಗೇ ಉಂಟು" ಅಂದಳು.

ಒಂದು ಉದಾಹರಣೆ ನಾನೇ ಕಟ್ಟಿ ಹೇಳುತ್ತೇನೆ, ನಿಜವಾದ ಐದು ಅಂಕ ಇವಲ್ಲ. 8.1, 8.2, 8.3, 8.3, 8.6 ಅಂತ ಐದು ಜನ ಕೊಟ್ಟರು ಅಂತಿಟ್ಟುಕೊಳ್ಳಿ. 8.1 ಹೋಯಿತು, 8.6 ಹೋಯಿತು. ಉಳಿದ ಮೂರನ್ನು ಕೂಡಿಸಿದರೆ 24.8, ಮೂರರಿಂದ ಭಾಗಿಸಿದರೆ 8.266. ಇಲ್ಲಿ 8.6 ಕೊಟ್ಟವರು ಪ್ರೀತಿಯಿಂದ 9.0 ಕೊಟ್ಟಿದ್ದರೂ ಅಂಕ ಕದಲುವುದಿಲ್ಲ, ಹೇಗೂ ಅದನ್ನು ಬಿಡುತ್ತಾರೆ. ನಡುವಿನ ಒಬ್ಬರು 0.1 ಆಚೀಚೆ ಮಾಡಿದರೆ ಹಾರಾಟದ ಅಂಕದಲ್ಲಿ 0.033 ವ್ಯತ್ಯಾಸ ಬರುತ್ತದೆ, ಎರಡು ಹಾರಾಟದ ಸರಾಸರಿಯಲ್ಲಿ ಅದು ಅರ್ಧವಾಗಿ 0.016ರ ಹತ್ತಿರ. ಕಂಚಿಗೆ ಬೇಕಾಗಿದ್ದದ್ದು 0.150. ಒಬ್ಬ ತೀರ್ಪುಗಾರ ಕಣ್ಣು ತಪ್ಪಿಸಿದ್ದರಿಂದ, ಅಥವಾ ಒಬ್ಬ ಪಕ್ಷಪಾತ ಮಾಡಿದ್ದರಿಂದ ಇಷ್ಟು ಅಂತರ ಬರುವುದು ಸುಲಭ ಅಲ್ಲ. ಭಾವನ "ಮೋಸ" ಇಲ್ಲಿ ಸ್ವಲ್ಪ ತಣ್ಣಗಾಯಿತು, ಪೂರ್ತಿ ಅಲ್ಲ.

ಒಂದು ಕೊರತೆ ಮಾತ್ರ ನನಗೂ ಒಪ್ಪಿಗೆ ಇಲ್ಲ. ಪರದೆಯಲ್ಲಿ ಇ 8.266 ಅಂತ ಬರುತ್ತದೆ, ಯಾವ ತಪ್ಪಿಗೆ ಎಷ್ಟು ಹೋಯಿತು ಅಂತ ಬರುವುದಿಲ್ಲ. ಇಲ್ಲಿ ಅದು ಬಹಳ ಮುಖ್ಯ ಆಗಿತ್ತು. ಆಳವಾಗಿ ಕುಕ್ಕರಿಸಿದರೆ 0.5, ಹಿಂಬದಿ ಮ್ಯಾಟಿಗೆ ಕೂತರೆ ಅದು ಬಿದ್ದ ಲೆಕ್ಕ, 1.0. ಒಟ್ಟು ಹೋದದ್ದು 1.734. ಬಿದ್ದದ್ದು ಅಂತ ಹಿಡಿದರೆ ಉಳಿದ ಇಡೀ ಹಾರಾಟದಿಂದ ಹೋದದ್ದು 0.7ರಷ್ಟು ಮಾತ್ರ, ಕುಕ್ಕರಿಸಿದ್ದು ಅಂತ ಹಿಡಿದರೆ 1.2ರಷ್ಟು. ಎರಡೂ ದಾರಿಯಲ್ಲಿ ಒಂದೇ ಅಂಕಕ್ಕೆ ಬಂದು ಮುಟ್ಟಬಹುದು. ಒಬ್ಬ ತೀರ್ಪುಗಾರ ಹಾಗೆ, ಇನ್ನೊಬ್ಬ ಹೀಗೆ ಹಿಡಿದಿದ್ದರೂ ನಮಗೆ ಕಾಣುವುದು ಸರಾಸರಿ ಮಾತ್ರ. ನೋಡುವವರಿಗೆ ಅನುಮಾನ ಹುಟ್ಟುವುದು ಇಂಥ ಕಡೆಯೇ.

ನಮ್ಮ ಕಡೆಯವರಿಗೆ ಇನ್ನೂ ಒಂದು ವಿಷಯ ಜೀರ್ಣ ಆಗುವುದಿಲ್ಲ, ಯಾಕೆಂದರೆ ನಾವು ಕೇರಳದ ಶಾಲಾ ಕಲೋತ್ಸವ ನೋಡಿ ಬೆಳೆದವರು. ಅಲ್ಲಿ ಫಲಿತಾಂಶ ಹಿಡಿಸದಿದ್ದರೆ ದುಡ್ಡು ಕಟ್ಟಿ ಅಪೀಲು ಹಾಕುವುದು ಮಾಮೂಲು. ಜಿಮ್ನಾಸ್ಟಿಕ್ಸಿನಲ್ಲಿಯೂ ಅಪೀಲು ಉಂಟು, ಆದರೆ ಡಿಗೆ ಮಾತ್ರ. "ನಮ್ಮ ಹುಡುಗಿ ಹಾರಿದ್ದು ಇದಲ್ಲ, ಅದು" ಅಂತ ಕೋಚ್ ಕೇಳಬಹುದು. "ಇನ್ನೂ ಚಂದ ಇತ್ತು, ಇ ಜಾಸ್ತಿ ಕೊಡಿ" ಅಂತ ಕೇಳುವ ಹಾಗೇ ಇಲ್ಲ. ದೀಪಾ ಅವರ ಡಿ ಬಗ್ಗೆ ತಕರಾರೇ ಇರಲಿಲ್ಲ, 7.0 ಪೂರ್ತಿ ಸಿಕ್ಕಿತ್ತು. ಹೋದದ್ದೆಲ್ಲ ಇಯಲ್ಲಿ, ಅಂದರೆ ಕೇಳಲಿಕ್ಕೆ ಬಾಗಿಲೇ ಇಲ್ಲದ ಕಡೆ.

ಎರಡನೇ ಪ್ರಶ್ನೆ ಬೇಗ ಮುಗಿಯುತ್ತದೆ. ವಾಲ್ಟ್ ಫೈನಲಿನಲ್ಲಿ ಎರಡು ಹಾರಾಟ, ಎರಡೂ ಬೇರೆ ಬೇರೆ ಜಾತಿಯವು ಆಗಬೇಕು, ಅಂತಿಮ ಅಂಕ ಎರಡರ ಸರಾಸರಿ. 14.866 ಮತ್ತು 15.266 ಕೂಡಿಸಿದರೆ 30.132, ಅರ್ಧ 15.066. ಕಡಿಮೆ ಮಾಡಿದ್ದಲ್ಲ, ಮೊದಲನೆಯದು ಬಂದು ಸೇರಿದ್ದು. ಆದರೆ ಟಿವಿಯಲ್ಲಿ ಒಂದರ ಹಿಂದೆ ಒಂದು ಬಂದಾಗ ಯಾರಿಗಾದರೂ ಹಾಗೇ ಕಾಣುತ್ತದೆ. ಒಂದೇ ಹಾರಾಟ ಎಷ್ಟೇ ದೊಡ್ಡದಿದ್ದರೂ ಅದರ ಅರ್ಧ ಮಾತ್ರ ಕೈಗೆ ಬರುತ್ತದೆ, ಇದನ್ನು ನಾವು ಮರೆಯುತ್ತೇವೆ. ಪ್ರೊಡುನೋವಾ ಪ್ರೊಡುನೋವಾ ಅಂತ ಇಡೀ ದೇಶ ಮಾತಾಡಿತು, ಸುಕಹಾರದ ಹೆಸರು ಯಾರೂ ಎತ್ತಲಿಲ್ಲ. ಲೆಕ್ಕದಲ್ಲಿ ಎರಡಕ್ಕೂ ಒಂದೇ ತೂಕ.

ಈಗ ಮೂರನೆಯದು. ಕಂಚು ಗೆದ್ದದ್ದು ಸ್ವಿಟ್ಜರ್ಲೆಂಡಿನ ಜೂಲಿಯಾ ಸ್ಟೈನ್‌ಗ್ರೂಬರ್, 15.216. ಚಿನ್ನ ಅಮೆರಿಕದ ಸಿಮೋನ್ ಬೈಲ್ಸ್, 15.966. ಬೆಳ್ಳಿ ರಷ್ಯಾದ ಮರಿಯಾ ಪಸೇಕಾ, 15.253. ಬೆಳ್ಳಿ ಕಂಚಿನ ನಡುವೆ ಎಷ್ಟು ಕಡಿಮೆ ಅಂತರ ನೋಡಿ.

ಸ್ಟೈನ್‌ಗ್ರೂಬರ್ ಅವರ ಎರಡು ಹಾರಾಟ ಪಕ್ಕಕ್ಕೆ ಇಟ್ಟು ನೋಡಿದರೆ ಎಲ್ಲ ಬಯಲಾಗುತ್ತದೆ. ಮೊದಲನೆಯದು ರೂಡಿ, ಅದೂ ಪ್ರೊಡುನೋವಾದ ಹಾಗೆ ಮುಂದಕ್ಕೆ ಕೈ ಊರಿ ಹಾರುವ ಜಾತಿಯದ್ದೇ, ಆದರೆ ಎರಡು ಲಾಗದ ಬದಲು ಒಂದೇ ಲಾಗ, ಮೈ ನೆಟ್ಟಗೆ, ಒಂದೂವರೆ ಸುತ್ತು. ಡಿ 6.2, ಇ 9.333, ಒಟ್ಟು 15.533. ಎರಡನೆಯದು ಯುರ್ಚೆಂಕೊ ಅನ್ನುವ ಇನ್ನೊಂದು ಜಾತಿಯದ್ದು, ಎರಡು ಸುತ್ತು. ಡಿ 5.8, ಇ 9.1, ಒಟ್ಟು 14.900.

ಅವರ ಎರಡು ಡಿ ಸೇರಿಸಿದರೆ 12.0. ದೀಪಾ ಅವರದ್ದು 13.0. ಅಂದರೆ ಬರೀ ಕಷ್ಟದ ಲೆಕ್ಕದಲ್ಲಿ ದೀಪಾ ಪೂರ್ತಿ ಒಂದು ಅಂಕ ಮುಂದೆ! ಭಾವ ಹೇಳಿದ್ದು ಸುಳ್ಳಲ್ಲ. ಇನ್ನೂ ಹೇಳಬೇಕೆಂದರೆ ಚಿನ್ನ ಗೆದ್ದ ಬೈಲ್ಸ್ ಅವರ ಎರಡು ಡಿ 6.3 ಮತ್ತು 6.4, ಸೇರಿ 12.7. ಅವರಿಗಿಂತಲೂ ದೀಪಾ ಅವರದ್ದು ಜಾಸ್ತಿ.

ಇ ಸೇರಿಸಿ ನೋಡೋಣ. ಸ್ಟೈನ್‌ಗ್ರೂಬರ್ 18.433. ದೀಪಾ 17.132. ಅಂತರ 1.3. ಮುಂದೆ ಇದ್ದ ಒಂದು ಅಂಕ ಹೋಗಿ, ಅದರ ಮೇಲೆ ಇನ್ನೂ 0.3 ಹೋಯಿತು. ಸರಾಸರಿಗೆ ಅದರ ಅರ್ಧ, ಅದೇ ಆ 0.150. ಬೈಲ್ಸ್ ಅವರ ಇ 9.6 ಮತ್ತು 9.633. ಎರಡು ಹಾರಾಟ ಸೇರಿ ಅವರು ಕಳೆದುಕೊಂಡದ್ದು 0.767 ಮಾತ್ರ, ದೀಪಾ ಅವರ ಒಂದೇ ಸುಕಹಾರದಲ್ಲಿ ಅದಕ್ಕಿಂತ ಜಾಸ್ತಿ ಹೋಗಿತ್ತು.

ಈ ಪುಟ ನೋಡಿ ಅಕ್ಕ ಕೇಳಿದಳು, "ಹಾಗಾದರೆ ಆ ಅಪಾಯದ್ದು ಬಿಟ್ಟು ಸುಲಭದ್ದು ಹಾರಿದ್ದರೆ ಮೆಡಲ್ ಬರುತ್ತಿತ್ತಲ್ವಾ?" ಆ ದಿನಗಳಲ್ಲಿ ತುಂಬ ಜನ ಹೀಗೇ ಹೇಳಿದರು, ಪೇಪರಿನಲ್ಲಿ ಪ್ರೊಡುನೋವಾವನ್ನು ಸಾವಿನ ವಾಲ್ಟ್ ಅಂತ ಬೇರೆ ಬರೆಯುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿದರೆ ಅದು ತಪ್ಪು.

ಅದೇ ರೂಡಿಯನ್ನು, 6.2 ಬೆಲೆಯದ್ದನ್ನು, ದೀಪಾ ಹಾರಿದ್ದರು ಅಂತಿಟ್ಟುಕೊಳ್ಳಿ. ಕುಕ್ಕರಿಸಿದ ಪ್ರೊಡುನೋವಾದಷ್ಟೇ, ಅಂದರೆ 15.266, ಬರಬೇಕಾದರೆ ಇ 9.066 ಬೇಕು. ಅವರ ಸುಕಹಾರಕ್ಕೇ ಆ ದಿನ ಸಿಕ್ಕಿದ್ದು 8.866. ಮೆಡಲ್ ಬೇಕಾದರೆ ಆ ಹಾರಾಟದಲ್ಲಿ 0.3 ಜಾಸ್ತಿ ಬೇಕಿತ್ತು, ಅಂದರೆ ರೂಡಿಯಲ್ಲಿ ಇ 9.366 ಮುಟ್ಟಬೇಕು. ಸ್ಟೈನ್‌ಗ್ರೂಬರ್ ಅವರಿಗೇ ಬಂದದ್ದು 9.333! ಅದೇ ಪ್ರೊಡುನೋವಾದಲ್ಲಾದರೆ 8.266 ಇದ್ದದ್ದು 8.566 ಸ್ವಲ್ಪ ದಾಟಿದರೆ ಸಾಕಿತ್ತು, ಮತ್ತೂ 1.4 ಕಳೆದುಕೊಳ್ಳಲಿಕ್ಕೆ ಜಾಗ ಇತ್ತು. ಅಷ್ಟು ಕೆಳಗೆ ಹೋಗದೆ, ಮೊಣಕಾಲು ಮಡಚಿಯೇ ಆದರೂ ಇನ್ನಷ್ಟು ಎತ್ತರದಲ್ಲಿ ಇಳಿದಿದ್ದರೆ ಅದು ಆಗುವ ಮಾತು. ಹಾಗಾಗಿ ಅವರು, ಅವರ ಕೋಚ್ ಬಿಶ್ವೇಶ್ವರ್ ನಂದಿ ಆರಿಸಿದ ದಾರಿ ಹುಚ್ಚು ಧೈರ್ಯ ಅಲ್ಲ. ಆಗಿನ ಬೆಲೆಪಟ್ಟಿ ನೋಡಿ ಮಾಡಿದ ಸರಿಯಾದ ವ್ಯಾಪಾರ.

ಹಾಗೆ ನೋಡಿದರೆ ಮೆಡಲ್ ಸುಕಹಾರದಲ್ಲಿ ಕೂಡ ಸಿಗಬಹುದಿತ್ತು. ಆ 0.3 ಎರಡರಲ್ಲಿ ಎಲ್ಲಿ ಬಂದರೂ ಒಂದೇ. ಒಂದು ಮಧ್ಯಮ ತಪ್ಪು, ಅಥವಾ ಮೂರು ಸಣ್ಣ ತಪ್ಪು, ನಡುವಿನ ಮೂರೂ ಜನ ತೀರ್ಪುಗಾರರ ಚೀಟಿಯಲ್ಲಿ ಕಡಿಮೆ ಆಗಬೇಕಿತ್ತು, ಅಷ್ಟೇ. ಆದರೆ ಆ ರಾತ್ರಿಯ ಬಗ್ಗೆ ಮಾತಾಡುವವರೆಲ್ಲ ಕುಕ್ಕರಿಸಿದ್ದನ್ನೇ ಹೇಳುತ್ತಾರೆ, ಯಾಕೆಂದರೆ ಕಣ್ಣಿಗೆ ಕಂಡದ್ದು ಅದು.

ಈ ಬೆಲೆಪಟ್ಟಿ ಒಂದು ಸಲ ಬರೆದು ಇಟ್ಟದ್ದಲ್ಲ. ಸಾಮಾನ್ಯವಾಗಿ ಒಂದು ಒಲಿಂಪಿಕ್ಸ್ ಮುಗಿದ ಮೇಲೆ ಹೊಸ ಪುಸ್ತಕ ಬರುತ್ತದೆ. 2017ರಲ್ಲಿ ವಾಲ್ಟಿನ ಬೆಲೆಗಳನ್ನು ಇಳಿಸಿದರು. ರೂಡಿ 6.2ರಿಂದ 5.8 ಆಯಿತು, ಪ್ರೊಡುನೋವಾ 7.0ರಿಂದ 6.4. ಎರಡರದ್ದೂ ಇಳಿಯಿತಲ್ಲ ಅನ್ನಬೇಡಿ, ಇಲ್ಲಿ ನೋಡಬೇಕಾದ್ದು ಅಂತರ. ಮುಂಚೆ ಎರಡರ ನಡುವೆ 0.8 ಇತ್ತು, ಆಗ 0.6 ಆಯಿತು. ಕುಕ್ಕರಿಸಿದ ಪ್ರೊಡುನೋವಾಕ್ಕೆ ಸಮ ಆಗಲು ರೂಡಿಯಲ್ಲಿ 9.066 ಬೇಕಾಗಿತ್ತಲ್ಲ, 2017ರ ಪಟ್ಟಿಯಲ್ಲಿ 8.866 ಸಾಕಿತ್ತು. ಅದು ದೀಪಾ ಅವರ ಸುಕಹಾರಕ್ಕೆ ರಿಯೋದಲ್ಲಿ ಬಂದ ಇಯೇ! ಅಂದರೆ ಅದೇ ಆಟಗಾರ್ತಿ, ಅದೇ ಕಾಲು, ಅದೇ ಅಪಾಯ, ಪುಸ್ತಕ ಬದಲಾದದ್ದರಿಂದ ಮಾತ್ರ "ಸುಲಭದ್ದು ಹಾರು" ಅನ್ನುವ ಅಕ್ಕನ ಮಾತು ತಪ್ಪಿನಿಂದ ಸರಿಗೆ ಹತ್ತಿರ ಬಂತು. ಕಷ್ಟ ಎಷ್ಟು ಅನ್ನುವುದು ಮೈಗೆ ಗೊತ್ತಿರುತ್ತದೆ, ಅದರ ಬೆಲೆ ಎಷ್ಟು ಅನ್ನುವುದನ್ನು ಬರೆಯುವವರು ಬೇರೆ.

ತಲಶ್ಶೇರಿ ಕಡೆಯ ಸರ್ಕಸ್ ನೋಡಿದ ನಮ್ಮ ಹಿರಿಯರಿಗೆ ಇದು ಸ್ವಲ್ಪ ಕಸಿವಿಸಿ. ಸರ್ಕಸ್ಸಿನಲ್ಲಿ ಜೀವ ಬಾಯಿಗೆ ಬರುವ ಐಟಮ್ಮಿಗೇ ದೊಡ್ಡ ಚಪ್ಪಾಳೆ, ಇಳಿಯುವಾಗ ಮೊಣಕಾಲು ಬಾಗಿತಾ ಅಂತ ಯಾರು ನೋಡುತ್ತಾರೆ? ಇಲ್ಲಿ ಚಪ್ಪಾಳೆಯ ಪಾಲು 7.0 ಅಂತ ಮೊದಲೇ ಬರೆದಿಟ್ಟಿದ್ದಾರೆ. ಆಮೇಲೆ ಉಳಿಯುವುದು ಕಳೆಯುವ ಕೆಲಸ ಒಂದೇ.

ಇಷ್ಟೆಲ್ಲ ಲೆಕ್ಕ ನಾನು ಭಾವನಿಗೆ ಹೇಳಿದ್ದು ಆ ಪೆನ್ಸಿಲ್ ಪುಟದ ಪಕ್ಕದಲ್ಲೇ ಬರೆದು ತೋರಿಸಿ. ಮಳೆ ಆ ದಿನ ಹೊಳವಾಗಿತ್ತು, ಮದ್ದು ಬಿಟ್ಟು ಬಂದು ಕೈಯಲ್ಲಿ ಇನ್ನೂ ಮೈಲುತುತ್ತಿನ ನೀಲಿ. ಅವರು ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಕೂಡಿಸಿ ನೋಡಿದರು. ನಾನು ಹೇಳಿದ್ದನ್ನು ಸುಮ್ನೆ ನಂಬುವವರಲ್ಲ. ದೀಪಾ ಅವರದ್ದು ಸರಿ ಬಂತು. ಸ್ಟೈನ್‌ಗ್ರೂಬರ್ ಅವರ 15.533 ಮತ್ತು 14.900 ಕೂಡಿಸಿದರು, 30.433. ಅರ್ಧ ಮಾಡಿದರು. ಪೆನ್ಸಿಲ್ ಅಲ್ಲೇ ನಿಂತಿತು.

"15.2165 ಬಂತಲ್ಲ. ಇಲ್ಲಿ 15.216 ಅಂತ ಉಂಟು. ಐದು ಎಲ್ಲಿ ಹೋಯಿತು?"

"ಮೂರು ಅಂಕಿ ಇಟ್ಟುಕೊಂಡು ಉಳಿದದ್ದು ಬಿಡುತ್ತಾರೆ ಭಾವ. ಮೇಲಕ್ಕೆ ಏರಿಸುವುದಿಲ್ಲ."

ಬೈಲ್ಸ್ ಅವರದ್ದೂ ಮಾಡಿ ನೋಡಿದರು. 15.900, 16.033. ಅರ್ಧ 15.9665. ಪರದೆಯಲ್ಲಿ ಬಂದದ್ದು 15.966. ಕನ್ನಡಕ ತೆಗೆದು ನನ್ನನ್ನು ನೋಡಿದರು.

"ನಮ್ಮ ಮಂಡಿಯವನೂ ಹಾಗೇ ಮಾರಾಯ. ತಕ್ಕಡಿಯಲ್ಲಿ ಗ್ರಾಂ ಎಷ್ಟೇ ತೋರಿಸಲಿ, ಚೀಟಿಯಲ್ಲಿ ಬರೆಯುವುದು ಕಿಲೋ ಮಾತ್ರ."